ಕಟ್, ಡಿಸಾಲ್ವ್, ಫೇಡ್: ನನ್ನ ಶಾರ್ಟ್ ಫಿಲ್ಮ್‌ನಲ್ಲಿ ಎಲ್ಲಿ ಯಾವ್ದು ಇಡ್ಲಿ? ನೋಡಿ ಹೇಳಿ

ತಿಪಟೂರ್_ಟೈಮ್‌ಲೈನ್

ಎಲ್ರಿಗೂ ನಮಸ್ಕಾರ. ಹದಿಮೂರು ನಿಮಿಷದ ಶಾರ್ಟ್ ಫಿಲ್ಮ್ ಒಂದು ಎಡಿಟ್ ಮಾಡ್ತಾ ಇದೀನಿ, ಸೆಕೆಂಡಿಗೆ 24 ಫ್ರೇಮ್‌ದು, ತಿಪಟೂರಲ್ಲೇ ಶೂಟ್ ಮಾಡಿದ್ದು. ಕಥೆ ಸಿಂಪಲ್, ಪೇಟೆಬೀದೀಲಿ ಒಬ್ಬ ಟೈಲರ್ ತಾತ, ಅವನ ಜೊತೇಲೇ ಬೆಳೆದ ಮೊಮ್ಮಗಳು ಬೆಂಗಳೂರಿಗೆ ಕೆಲಸಕ್ಕೆ ಹೊರಡ್ತಾಳೆ, ತಾತ ತನ್ನ ಹೆಂಡ್ತಿಯ ಹಳೇ ಸೀರೆ ಬಿಚ್ಚಿ ರಾತ್ರಿಯೆಲ್ಲಾ ಕೂತು ಅವಳಿಗೊಂದು ಚೂಡಿದಾರ್ ಹೊಲಿತಾನೆ, ಅವಳು ಹೋಗ್ತಾಳೆ, ಅಂಗಡಿ ಮುಚ್ಚುತ್ತೆ.

ನೋಡಿದ ಫ್ರೆಂಡ್ಸ್ ಎಲ್ಲ ಒಂದೇ ಮಾತು ಹೇಳ್ತಿದಾರೆ, "ಚೆನ್ನಾಗಿದೆ ಆದ್ರೆ ಯಾಕೋ ಸ್ಲೈಡ್ ಶೋ ತರ ಇದೆ" ಅಂತ. ಡೈಲಾಗ್ ಸೀನ್ ಒಳಗಡೆ ಎಲ್ಲಾ ಕಟ್ಟೇ ಇದೆ, ಆದ್ರೆ ಒಂದು ಸೀನ್‌ನಿಂದ ಇನ್ನೊಂದಕ್ಕೆ ಹೋಗುವಾಗೆಲ್ಲಾ ಒಂದು ಶಾಟ್ ಇನ್ನೊಂದ್ರೊಳಗೆ ಕರಗೋ ಡಿಸಾಲ್ವ್ ಇದೆ, ಎಲ್ಲಾ 24 ಫ್ರೇಮ್ ಉದ್ದ, ಕೊನೇಲಿ ಎರಡು ಫೇಡ್. ಲಿಂಕ್ ಹಾಕಿದೀನಿ. ಮುಖ್ಯವಾಗಿ ಈ ನಾಲ್ಕು ಜಾಗ ನೋಡಿ:

ಒಂದು, ಮೊಮ್ಮಗಳು "ತಾತ, ಸೋಮವಾರ ಹೊರಡ್ಬೇಕು" ಅಂದಾಗ ತಾತನ ಮಶೀನ್ ನಿಲ್ಲುತ್ತೆ, ಅಲ್ಲಿಂದ ಮನೇಲಿ ಬ್ಯಾಗ್ ಪ್ಯಾಕ್ ಮಾಡೋ ಸೀನ್‌ಗೆ ಡಿಸಾಲ್ವ್. ಎರಡು, ತಾತ ಸೀರೆ ಮುಟ್ಟಿದಾಗ ಅಜ್ಜಿಯ ನೆನಪಿಗೆ ಡಿಸಾಲ್ವ್. ಮೂರು, ರಾತ್ರಿ ಹೊಲಿಯೋ ಐದು ಶಾಟ್, ಎಲ್ಲಾ ಡಿಸಾಲ್ವ್. ನಾಲ್ಕು, ಅಂಗಡಿ ಷಟರ್ ಎಳಿತಾನೆ, ಫೇಡ್ ಔಟ್, ಆಮೇಲೆ ಆರು ತಿಂಗಳ ನಂತರ ಅದೇ ಅಂಗಡಿ ಮೊಬೈಲ್ ರೀಚಾರ್ಜ್ ಅಂಗಡಿ ಆಗಿರೋದಕ್ಕೆ ಫೇಡ್ ಇನ್.

ಯಾವ್ದು ಇಡ್ಲಿ ಯಾವ್ದು ತೆಗೀಲಿ?

ಕಟ್ ಕಿರಣ್

ಎಲ್ಲಾ ತೆಗಿ ಗುರು. ಡಿಸಾಲ್ವ್ ಅನ್ನೋದೇ ಹಳೇ ಕಾಲದ್ದು, ಈಗ ಯಾವ್ ಸಿನಿಮಾದಲ್ಲಿ ಹಾಕ್ತಾರೆ ಹೇಳು. ಆಡಿಯನ್ಸ್ ಈಗ ಬುದ್ಧಿವಂತರು, ಒಂದು ಶಾಟ್‌ನಲ್ಲಿ ರಾತ್ರಿ ಇನ್ನೊಂದ್ರಲ್ಲಿ ಬೆಳಗ್ಗೆ ಅಂದ್ರೆ ಅವರಿಗೆ ಗೊತ್ತಾಗುತ್ತೆ, ಮಧ್ಯದಲ್ಲಿ ಕರಗಿಸಿ ತೋರಿಸ್ಬೇಕಾಗಿಲ್ಲ. ಕಟ್ ಕಟ್ ಕಟ್, ಮುಗೀತು.

ಕಾಫಿಪುಡಿ

ಬ್ರೋ ನಂದೂ ಸೇಮ್ ಪ್ರಾಬ್ಲಂ. ನನ್ ಕ್ಯಾಮೆರಾ ಕ್ಲಿಪ್ ಎಲ್ಲಾ ಫೇಡ್ ಆಗೇ ಬರ್ತಿದೆ, ಬಣ್ಣನೇ ಇಲ್ಲ, ಬೂದಿ ಬೂದಿ. ಯಾವ ಫೇಡ್ ತೆಗೀಬೇಕು?

ಶಬ್ದಮಣಿ

@ಕಾಫಿಪುಡಿ ಅದು ಬೇರೆ ವಿಷಯ ಅಣ್ಣಾ, ನಿಮ್ ಕ್ಯಾಮೆರಾ ಬಣ್ಣ ಮಂಕಾಗಿ ರೆಕಾರ್ಡ್ ಮಾಡೋ ಲಾಗ್ ಪ್ರೊಫೈಲ್‌ನಲ್ಲಿದೆ ಅನ್ಸುತ್ತೆ. ಮೆನುವಲ್ಲಿ ಪಿಕ್ಚರ್ ಪ್ರೊಫೈಲ್ ನೋಡಿ, ಇಲ್ಲಾಂದ್ರೆ ಆ ಕ್ಯಾಮೆರಾ ಕಂಪನಿಯವರದೇ ಬಣ್ಣ ಸರಿ ಮಾಡೋ ಲಟ್ ಫೈಲ್ ಹಾಕಿ. ಇಲ್ಲಿ ಮಾತಾಡ್ತಿರೋದು ಒಂದು ಶಾಟ್ ಕಪ್ಪಾಗಿ ಮುಗಿಯೋ ಫೇಡ್ ಬಗ್ಗೆ.

ಕಾಫಿಪುಡಿ

ಓ ಸಾರಿ 😅 ಥ್ಯಾಂಕ್ಸ್ ಮೇಡಂ

ಹಳೇ ಮೂವಿಯೋಲಾ

ತಿಪಟೂರಿನವರೇ, ಫಿಲ್ಮ್ ಪೂರ್ತಿ ನೋಡ್ದೆ. ಎಂಬತ್ತರ ದಶಕದಲ್ಲಿ ಮದ್ರಾಸಲ್ಲಿ ಎಡಿಟಿಂಗ್ ಅಸಿಸ್ಟೆಂಟ್ ಆಗಿದ್ದೋನು ನಾನು, ಆಗ ನಮ್ಮ ಕನ್ನಡ ಪಿಕ್ಚರ್‌ಗಳ ಲ್ಯಾಬ್ ಕೆಲಸ ಬಹುಪಾಲು ಅಲ್ಲೇ ಆಗ್ತಿದ್ದಿದ್ದು. ಒಂದು ವಿಷಯ ಮೊದಲು ಹೇಳ್ತೀನಿ ಆಮೇಲೆ ನಿಮ್ಮ ನಾಲ್ಕು ಜಾಗಕ್ಕೆ ಬರ್ತೀನಿ.

ಆಗ ನಮಗೆ ಕಟಿಂಗ್ ಟೇಬಲ್ ಮೇಲೆ ಡಿಸಾಲ್ವ್ ನೋಡೋಕೇ ಸಿಗ್ತಿರ್ಲಿಲ್ಲ. ಎಡಿಟಿಂಗ್‌ಗೆ ಅಂತಲೇ ತೆಗೆದ ವರ್ಕ್ ಪ್ರಿಂಟಲ್ಲಿ ಎರಡು ಶಾಟ್ ಟೇಪ್ ಹಾಕಿ ಅಂಟಿಸಿ, ಅದರ ಮೇಲೆ ಗ್ರೀಸ್ ಪೆನ್ಸಿಲ್‌ನಲ್ಲಿ ಓರೆಯಾಗಿ ಉದ್ದಕ್ಕೆ ಒಂದು ಗೆರೆ ಎಳೀತಿದ್ವಿ, ಫೇಡ್ ಆದ್ರೆ ವಿ ಆಕಾರ. ಆ ಗೆರೆ ಎಷ್ಟು ಫ್ರೇಮ್ ಉದ್ದ ಇದೆಯೋ ಅಷ್ಟು ಡಿಸಾಲ್ವ್ ಅಂತ ಲ್ಯಾಬ್‌ಗೆ ಲೆಕ್ಕ. ಅದು ಲ್ಯಾಬಲ್ಲಿ ಎರಡು ಶಾಟ್ ಸೇರಿಸಿ ಪ್ರಿಂಟ್ ಮಾಡಿ ಆಪ್ಟಿಕಲ್ ಆಗಿ ವಾಪಸ್ ಬರೋ ತನಕ ಡೈರೆಕ್ಟರ್, ಎಡಿಟರ್, ಎಲ್ಲರೂ ಅದನ್ನ ಕಟ್ ಆಗೇ ನೋಡ್ತಿದ್ದಿದ್ದು, ಸ್ಕ್ರೀನ್ ಮೇಲೆ ಗೆರೆ ಓಡೋದು ಅಷ್ಟೇ. ಆಪ್ಟಿಕಲ್‌ಗೆ ದುಡ್ಡು ಬೇರೆ ಆಗ್ತಿತ್ತು, ಮೂಲದ್ದಲ್ಲ, ಕಾಪಿ ಮಾಡಿದ ಡ್ಯೂಪ್ ನೆಗೆಟಿವ್ ಆದ್ದರಿಂದ ಅಷ್ಟು ಜಾಗ ಗ್ರೇನ್ ಜಾಸ್ತಿ ಆಗಿ ಬಣ್ಣನೂ ಒಂಚೂರು ಜಾರ್ತಿತ್ತು, ಹಾಗಾಗಿ ಕಟ್‌ನಲ್ಲೇ ಸರಿ ಹೋಗ್ತಿದೆ ಅಂತ ಕಂಡ್ರೆ ಪ್ರೊಡ್ಯೂಸರ್ ಖುಷಿಯಾಗಿ ಗೆರೆ ಅಳಿಸಿಬಿಡಿ ಅಂತಿದ್ರು.

ಲಾರೆನ್ಸ್ ಆಫ್ ಅರೇಬಿಯಾ (1962) ನೋಡಿರ್ತೀರಿ, ಬೆಂಕಿಕಡ್ಡಿ ಊದಿದ ತಕ್ಷಣ ಮರುಭೂಮೀಲಿ ಸೂರ್ಯೋದಯ. ಅದು ಸ್ಕ್ರಿಪ್ಟಲ್ಲಿ ಡಿಸಾಲ್ವ್ ಅಂತಲೇ ಬರೆದಿತ್ತು. ವರ್ಕ್ ಪ್ರಿಂಟಲ್ಲಿ ಕಟ್ ಆಗಿ ನೋಡಿದಾಗ ಎಡಿಟರ್ ಆನ್ ಕೋಟ್ಸ್‌ಗೂ ಡೇವಿಡ್ ಲೀನ್‌ಗೂ ಇದೇ ಚೆನ್ನಾಗಿದೆ ಅನ್ನಿಸಿ ಹಾಗೇ ಇಟ್ಕೊಂಡ್ರು. ಇವತ್ತಿನ ತರ ಟೈಮ್‌ಲೈನ್‌ನಲ್ಲಿ ಒಂದು ಕೀ ಒತ್ತಿ ಡಿಸಾಲ್ವ್ ಮಾಡೋ ಹಾಗಿದ್ದಿದ್ರೆ ಆ ಕಟ್ ಅವರ ಕಣ್ಣಿಗೇ ಬೀಳ್ತಿರ್ಲಿಲ್ಲವೇನೋ.

ಆದ್ದರಿಂದ ಮೊದಲು ಟೈಮ್‌ಲೈನ್ ಇನ್ನೊಂದು ಕಾಪಿ ಮಾಡಿ, ಎಲ್ಲಾ ಟ್ರಾನ್ಸಿಷನ್ ಅಳಿಸಿ, ಬರೀ ಕಟ್‌ನಲ್ಲಿ ಪೂರ್ತಿ ನೋಡಿ. ಕೈ ಮೌಸ್ ಮೇಲೆ ಇರಬಾರದು. ಎಲ್ಲಿ "ಅಯ್ಯೋ ಇದೆಲ್ಲಿಗೆ ಬಂದ್ವಿ, ಯಾವಾಗ ಬಂದ್ವಿ" ಅನ್ಸುತ್ತೋ ಅದನ್ನ ಮಾತ್ರ ಬರ್ಕೊಳ್ಳಿ. ಆಮೇಲೆ ಬನ್ನಿ, ಮಾತಾಡೋಣ.

ಹುಬ್ಳಿ ಮದ್ವಿ ವಿಡಿಯೋ

ಸರ್ ನೀವು ಹೇಳೂದು ಸಿನಿಮಾಕ್ಕ ಬರೋಬರಿ ಐತ್ರಿ. ನಮ್ದು ಮದ್ವಿ ವಿಡಿಯೋ ಧಂದಾ, ಇಲ್ಲೆ ಕಟ್ ಇಟ್ರ ಪಾರ್ಟಿ ಮಂದಿ ಕೇಳ್ತಾರ, "ಏನ್ರಿ ಎಫೆಕ್ಟೇ ಹಾಕಿಲ್ಲಲ್ಲ, ರೊಕ್ಕಾ ಯಾಕ್ ಕೊಡ್ಬೇಕು" ಅಂತ. ಮೊನ್ನೆ ಒಬ್ರು ತಾಳಿ ಕಟ್ಟೂ ಟೈಮಿಗೆ ಹಾರ್ಟ್ ಆಕಾರ ತೆರಕೊಂಡು ಬರ್ಬೇಕು ಅಂದ್ರು. ಹಾಕೊಟ್ಟೆ. ತಾಳಿನೇ ಕಾಣ್ಸ್ಲಿಲ್ಲ, ಹಾರ್ಟ್ ಅಷ್ಟ ಕಾಣ್ತು. ಅವ್ರು ಮಾತ್ರ ಭಾಳ ಖುಷಿ ಆದ್ರು ನೋಡ್ರಿ 😂

ಕಟ್ ಕಿರಣ್

@ಹಳೇ ಮೂವಿಯೋಲಾ ಅಂದ್ರೆ ನಾನ್ ಹೇಳಿದ್ದೇ ಸರಿ ಅಲ್ವಾ ಸರ್, ಕಟ್ ಬೆಸ್ಟ್

ಹಳೇ ಮೂವಿಯೋಲಾ

ಅರ್ಧ ಸರಿ ಕಿರಣ್. ಕಟ್‌ನಿಂದ ಶುರು ಮಾಡ್ಬೇಕು ಅಂದೆ, ಕಟ್‌ನಲ್ಲೇ ಮುಗಿಸಬೇಕು ಅನ್ನಲಿಲ್ಲ. ರಾತ್ರಿ ಹೋಗಿ ಬೆಳಗಾಯ್ತು ಅನ್ನೋ ಮಾಹಿತಿ ಕಟ್ ಕೊಡುತ್ತೆ, ನಿಜ. ರಾತ್ರಿ ಎಷ್ಟು ಉದ್ದ ಇತ್ತು ಅನ್ನೋದನ್ನ ಅದೊಂದೇ ಕೊಡೋದು ಕಷ್ಟ. ಇವರ ಮೂರನೇ ಜಾಗ ಅಂಥದ್ದು.

ತಿಪಟೂರ್_ಟೈಮ್‌ಲೈನ್

ಸರ್ ಮಾಡಿ ನೋಡ್ದೆ. ಎರಡೇ ಕಡೆ ತೊಡಕು ಅನ್ನಿಸ್ತು. ಒಂದು ಅಜ್ಜಿ ನೆನಪಿಗೆ ಹೋಗೋದು, ಅಜ್ಜಿ ಪಾತ್ರ ಮಾಡಿರೋರು ಈಗಿನ ಯಾರೋ ಪಕ್ಕದ್ಮನೆಯವರು ಅಂಗಡಿಗೆ ಬಂದ್ರು ಅನ್ನೋ ತರ ಇದೆ. ಇನ್ನೊಂದು ರಾತ್ರಿ ಹೊಲಿಯೋದು, ಟಕ ಟಕ ಅಂತ ಹಾರುತ್ತೆ. ಪ್ಯಾಕಿಂಗ್ ಸೀನ್‌ಗೆ ಹೋಗೋದು ಕಟ್‌ನಲ್ಲೂ ಪರವಾಗಿಲ್ಲ ಆದ್ರೆ ಸ್ವಲ್ಪ ಒರಟು ಅನ್ಸ್ತು. ಷಟರ್ ಜಾಗ ಗೊತ್ತಾಗ್ತಿಲ್ಲ.

ಹಳೇ ಮೂವಿಯೋಲಾ

ಒರಟು ಅನ್ನಿಸಿದ ಮೊದಲನೇ ಜಾಗ ನೋಡೋಣ, ನಿಮ್ಮ ಇಡೀ ಫಿಲ್ಮ್‌ನಲ್ಲಿ ನನಗೆ ಅದೇ ಇಷ್ಟವಾಗಿದ್ದು.

ಮೊಮ್ಮಗಳು ಮಾತು ಮುಗಿಸ್ತಾಳೆ. ತಾತ ತಲೆ ಎತ್ತಲ್ಲ. ಪೆಡಲ್ ಮೇಲಿರೋ ಕಾಲು ನಿಧಾನ ಆಗುತ್ತೆ, ಮಶೀನ್ ಚಕ್ರ ಇನ್ನೊಂದು ಸುತ್ತು ಸುತ್ತಿ ನಿಲ್ಲುತ್ತೆ, ಕೈ ಬಟ್ಟೆ ಮೇಲೇ ಇರುತ್ತೆ. ಆ ನಿಲ್ಲೋದೇ ತಾತನ ಉತ್ತರ, ಬೇರೆ ಡೈಲಾಗ್ ಇಲ್ಲ. ಈಗ ನಿಮ್ಮ 24 ಫ್ರೇಮ್ ಡಿಸಾಲ್ವ್ ಫ್ರೇಮ್ ಫ್ರೇಮ್ ಆಗಿ ಸರಿಸಿ ನೋಡಿ. ಚಕ್ರ ಇನ್ನೂ ತಿರುಗ್ತಾ ಇರುವಾಗಲೇ ಮನೆಯ ಬ್ಯಾಗು, ಬಟ್ಟೆ ರಾಶಿ ಎಲ್ಲಾ ಮೇಲೆ ಬಂದು ಕೂತಿದೆ. ಚಕ್ರ ನಿಂತ ಫ್ರೇಮ್‌ನಲ್ಲಿ ತಾತ ಅರ್ಧ ಮಾಯ. ನೋಡೋರಿಗೆ ಮಶೀನ್ ನಿಂತಿದ್ದೇ ಗೊತ್ತಾಗಲ್ಲ.

ಇಲ್ಲಿ ನೀವು ಕಟ್ ಮಾಡಿದಾಗ ಒರಟು ಅನ್ನಿಸೋಕೆ ಕಾರಣ ಕಟ್ ಅಲ್ಲ, ಕಟ್ ಬಿದ್ದ ಜಾಗ. ಡಿಸಾಲ್ವ್ ಅಳಿಸಿದಾಗ ಕಟ್ ಅದರ ಮಧ್ಯಕ್ಕೆ ಬಂದು ಕೂತಿದೆ, ಅಂದ್ರೆ ಚಕ್ರ ನಿಲ್ಲೋಕೆ ಮುಂಚೆ. ಶಾಟ್ ಎಳೀರಿ, ಚಕ್ರ ಪೂರ್ತಿ ನಿಲ್ಲಲಿ, ನಿಂತ ಮೇಲೆ ಒಂದೂಕಾಲು ಸೆಕೆಂಡ್ ಸುಮಾರು, 30 ಫ್ರೇಮ್ ಅಂದ್ಕೊಳ್ಳಿ, ಆ ಕೈ ಹಾಗೇ ಇರಲಿ. ಆಮೇಲೆ ಕಟ್.

ಶಬ್ದಮಣಿ

ಸರ್ ಇದಕ್ಕೆ ನಂದೊಂದು ಸೇರಿಸ್ತೀನಿ. ಲೊಕೇಶನ್ ಸೌಂಡ್ ನನ್ ಕೆಲ್ಸ, ಅದಕ್ಕೇ ಕಿವಿ ಅಲ್ಲಿಗೇ ಹೋಗುತ್ತೆ. ಮಶೀನ್ ಶಬ್ದ ನಿಂತಾಗ ಅಂಗಡಿ ಒಳಗಿನ ನಿಶ್ಶಬ್ದ ಇದೆಯಲ್ಲ, ಹೊರಗೆ ಎಲ್ಲೋ ಸ್ಕೂಟರ್ ಹೋಗೋದು, ಫ್ಯಾನ್ ಗರ್ರ್ ಅನ್ನೋದು, ಅದು ಆ 30 ಫ್ರೇಮ್‌ನಲ್ಲಿ ಕೇಳಿಸ್ಬೇಕು. ಈಗ ಆಡಿಯೋಗೂ ಕ್ರಾಸ್‌ಫೇಡ್ ಹಾಕಿರೋದ್ರಿಂದ ಮಶೀನ್ ಶಬ್ದ "ನಿಂತಿಲ್ಲ", ಕರಗಿದೆ ಅಷ್ಟೇ. ನಿಲ್ಲೋದೂ ಕರಗೋದೂ ಬೇರೆ ಬೇರೆ.

ಪ್ಯಾಕಿಂಗ್ ಸೀನ್ ಮೊದಲನೇ ಶಾಟ್‌ನಲ್ಲಿ ಬ್ಯಾಗ್ ಜಿಪ್ ಎಳೆಯೋದಿದೆ. ಆ ಜಿಪ್ ಶಬ್ದನ ಪಿಕ್ಚರ್ ಕಟ್‌ಗಿಂತ 8-10 ಫ್ರೇಮ್ ಮುಂಚೆ ತಾತನ ಕೈ ಮೇಲೇ ಶುರು ಮಾಡಿ. ಕಿವಿ ಮುಂದಿನ ಸೀನ್‌ಗೆ ಮೊದ್ಲೇ ಹೋಗಿರುತ್ತೆ, ಕಣ್ಣು ಹಿಂದೆ ಬರುತ್ತೆ, ಆಗ ಕಟ್ ಒರಟು ಅನ್ಸಲ್ಲ. ಜೆ ಕಟ್ ಅಂತಾರಲ್ಲ ಅದೇ. ಟ್ರಾನ್ಸಿಷನ್ ಬೇಕು ಅಂತ ಅನ್ಸೋ ಎಷ್ಟೋ ಕಡೆ ನಿಜವಾಗಿ ಬೇಕಾಗಿರೋದು ಪಿಕ್ಚರ್ ಅಲ್ಲ, ಸೌಂಡ್ ಒಂಚೂರು ಹಿಂದೆ ಮುಂದೆ ಮಾಡೋದು.

ಹಳೇ ಮೂವಿಯೋಲಾ

ಜಿಪ್ಪು ಬೇಡ ಅನ್ಸುತ್ತೆ ನಂಗೆ ಅಮ್ಮಾ. ಆ ನಿಶ್ಶಬ್ದ ಪೂರ್ತಿ ನಿಶ್ಶಬ್ದವಾಗೇ ಇದ್ದು, ಜಿಪ್ಪು ಪಿಕ್ಚರ್ ಜೊತೆಗೇ ಹೊಡೀಲಿ. 10 ಫ್ರೇಮ್ ಮುಂಚೆ ಬಂದ್ರೆ ತಾತನಿಗೆ ಕೊಟ್ಟಿದ್ದನ್ನ ಕಿತ್ಕೊಂಡ ಹಾಗೆ.

ಶಬ್ದಮಣಿ

ಹ್ಮ್. ಎರಡೂ ಮಾಡಿ ನೋಡ್ಲಿ ಸರ್ ಅವ್ರು. ನಂಗೆ ಆ ಜಿಪ್ಪು ತಾತನ ತಲೆ ಒಳಗೆ ಕೇಳಿಸ್ದಂಗೆ ಇರುತ್ತೆ ಅನ್ಸುತ್ತೆ, ಅವಳು ಆಗಲೇ ಹೊರಟುಹೋದಳು ಅನ್ನೋ ತರ.

ತಿಪಟೂರ್_ಟೈಮ್‌ಲೈನ್

ಒಂದು ಸಮಸ್ಯೆ. ಶಾಟ್ ಎಳೆದ್ರೆ ಚಕ್ರ ನಿಂತ ಮೇಲೆ 20 ಫ್ರೇಮ್‌ಗೇ ತಾತ ಕ್ಯಾಮೆರಾ ಕಡೆ ನೋಡಿಬಿಡ್ತಾರೆ, ನಾನು "ಕಟ್" ಅಂದಿದ್ದಕ್ಕೆ. ಇದೇ ತರ ಇನ್ನೊಂದು ಡಿಸಾಲ್ವ್‌ನಲ್ಲೂ ಅವರು ನೋಡೋದು ಸಣ್ಣದಾಗಿ ಕಾಣ್ತಿದೆ ಅಂತ ಈಗ ಗೊತ್ತಾಯ್ತು, ಯಾಕೆ ಅಂತ ಅರ್ಥ ಆಗ್ಲಿಲ್ಲ, ನಾನು ಅವರು ನೋಡೋಕೆ ಮುಂಚೇನೇ ಕಟ್ ಮಾಡಿದ್ನಲ್ಲ?

ಹಳೇ ಮೂವಿಯೋಲಾ

ಡಿಸಾಲ್ವ್ ಅಂದ್ರೆ ನೀವು ಕಟ್ ಮಾಡಿ ಬಿಸಾಕಿದ ಫ್ರೇಮ್‌ಗಳನ್ನ ವಾಪಸ್ ತರೋದು. 24 ಫ್ರೇಮ್ ಡಿಸಾಲ್ವ್ ಕಟ್ ಮಧ್ಯಕ್ಕೆ ಕೂತಿದ್ರೆ ಹೋಗೋ ಶಾಟ್‌ನಲ್ಲಿ ಕಟ್ ಆದ್ಮೇಲಿನ 12 ಫ್ರೇಮ್, ಬರೋ ಶಾಟ್‌ನಲ್ಲಿ ಕಟ್‌ಗೆ ಮುಂಚಿನ 12 ಫ್ರೇಮ್, ಎರಡನ್ನೂ ಅದು ಬಳಸ್ಕೊಳ್ಳುತ್ತೆ. ಹೋಗೋ ಶಾಟ್‌ನ ಬಾಲದಲ್ಲಿ ನಟ ಮುಖ ಸಡಿಲ ಮಾಡಿರ್ತಾನೆ, ಬರೋ ಶಾಟ್‌ನ ತಲೇಲಿ ಇನ್ನೂ "ಆಕ್ಷನ್" ಅನ್ನೋಕೆ ಕಾಯ್ತಾ ನಿಂತಿರ್ತಾನೆ. ಮಸುಕಾಗಿದ್ರೂ ಕಣ್ಣಿಗೆ ಬೀಳುತ್ತೆ, ಅದರಲ್ಲೂ ಕಣ್ಣುಗುಡ್ಡೆ ತಿರುಗಿದ್ರೆ ಬಿದ್ದೇ ಬೀಳುತ್ತೆ. ಡಿಸಾಲ್ವ್ ಹಾಕಿದ ಮೇಲೆ ಎರಡು ಕಡೆಯ ಆ ಫ್ರೇಮ್‌ಗಳನ್ನ ಒಂದೊಂದಾಗಿ ನೋಡೋದು ಅಭ್ಯಾಸ ಮಾಡ್ಕೊಳ್ಳಿ.

20 ಫ್ರೇಮ್ ಸಿಕ್ರೆ 18ಕ್ಕೆ ಕಟ್ ಮಾಡಿ, ಸಾಕಾಗುತ್ತೆ. ಇಲ್ಲಾ ಅಂದ್ರೆ ಬರೀ ಕೈ, ಚಕ್ರ ಕ್ಲೋಸ್ ಅಪ್ ತೆಗೆದಿದ್ರೆ ಅದನ್ನ ಹಾಕಿ.

ಹುಬ್ಳಿ ಮದ್ವಿ ವಿಡಿಯೋ

ಪ್ರೀಮಿಯರ್‌ನ್ಯಾಗ ಒಂದೊಂದ್ ಸಲ ಡಿಸಾಲ್ವ್ ಹಾಕಿದ್ರ "Insufficient media" ಅಂತ ಬರ್ತೈತಲ್ರಿ, ನಾ ಓಕೆ ಒತ್ತಿ ಮುಂದ ಹೊಕ್ಕಿದ್ದೆ. ಅದೂ ಇದಕ್ಕೇ ಏನ್ರಿ?

ಹಳೇ ಮೂವಿಯೋಲಾ

ಅದೇ. ಬಿಸಾಕಿದ ಫ್ರೇಮೇ ಇಲ್ಲ, ಶಾಟ್ ಅಲ್ಲಿಗೇ ಮುಗಿದಿದೆ ಅಂತ. ಓಕೆ ಒತ್ತಿದ್ರೆ ಕೊನೇ ಫ್ರೇಮ್ ನಿಲ್ಲಿಸಿ ಅದನ್ನೇ ಎಳೀತದೆ. ಮದುವೇಲಿ ಯಾರೋ ನಡೀತಾ ಇರೋರು ಇದ್ದಕ್ಕಿದ್ದಂಗೆ ಶಿಲೆ ಆಗಿ ಕರಗಿದ್ರೆ ಅದೇ ಕಾರಣ.

ಹುಬ್ಳಿ ಮದ್ವಿ ವಿಡಿಯೋ

ಅಯ್ಯೋ ಶಿವನ, ಅಕ್ಷತಾ ಒಗಿಯೂದ್ರಾಗ ಹಂಗ ಆಗಿತ್ರಿ, ಅಕ್ಕಿಕಾಳು ಗಾಳ್ಯಾಗ ನಿಂತಬಿಟ್ಟಿದ್ವು. ಎಫೆಕ್ಟ್ ಅಂತ ಹೇಳಿ ಕೊಟ್ಟೇನಿ.

ಕಟ್ ಕಿರಣ್

😂😂😂

ಸುಮ್ನೆ_ನೋಡೋಳು

ನಂಗೆ ಎಡಿಟಿಂಗ್ ಗೊತ್ತಿಲ್ಲ, ಬರೀ ನೋಡೋಳು. ಅಜ್ಜಿ ನೆನಪು ಬರೋ ಜಾಗದಲ್ಲಿ ಒಂದು ಕ್ಷಣ ತಾತನಿಗೆ ಮೂಗುತಿ ಬಂದಂಗೆ ಕಾಣಿಸ್ತು, ನಗು ಬಂತು. ಅಳ್ಬೇಕಾದ ಜಾಗ ಅದು ಅಲ್ವಾ?

ತಿಪಟೂರ್_ಟೈಮ್‌ಲೈನ್

ಅಯ್ಯೋ. ಈಗ ನೋಡ್ದೆ. ಹೌದು.

ಹಳೇ ಮೂವಿಯೋಲಾ

ಈ ಅಮ್ಮ ಹೇಳಿದ್ದು ಸರಿಯಾದ ಪರೀಕ್ಷೆ. ಡಿಸಾಲ್ವ್‌ನ ಮಧ್ಯದ ಫ್ರೇಮ್‌ನಲ್ಲಿ ನಿಲ್ಲಿಸಿ. 24 ಇದ್ರೆ 12ನೇದು. ಅದು ಒಂದು ಫೋಟೋ ಅಂತ ಅಂದ್ಕೊಂಡು ನೋಡಿ, ಯಾಕಂದ್ರೆ ನೋಡೋರು ಅದನ್ನೂ ನೋಡ್ತಾರೆ, ಎರಡು ಶಾಟ್ ಸೇರಿ ಆದ ಮೂರನೇ ಶಾಟ್ ಅದು, ನೀವು ಶೂಟ್ ಮಾಡದೇ ಇರೋದು. ನಿಮ್ಮದ್ರಲ್ಲಿ ತಾತನ ಮುಖ ಫ್ರೇಮಿನ ಬಲಕ್ಕೆ ದೊಡ್ಡದಾಗಿದೆ, ಅಜ್ಜಿ ಮುಖನೂ ಬಲಕ್ಕೆ ಅಷ್ಟೇ ದೊಡ್ಡದು. ಮೂಗಿನ ಮೇಲೆ ಮೂಗು, ಕಣ್ಣು ಒಂಚೂರು ಪಕ್ಕಕ್ಕೆ. ಯಾರದ್ದೂ ಅಲ್ಲದ ಮುಖ ಒಂದು ಅರ್ಧ ಸೆಕೆಂಡ್ ಬರುತ್ತೆ.

ಇನ್ನೊಂದು ಇದೆ, ಬೆಳಕು. ತಾತನ ಶಾಟ್ ಕತ್ತಲು, ಒಂದು ಬಲ್ಬ್. ಅಜ್ಜಿ ಶಾಟ್ ಹಗಲು, ಹಿಂದೆ ಬಿಸಿಲು ಬಿದ್ದ ಬೀದಿ. ಕತ್ತಲಿಂದ ಬೆಳಕಿಗೆ ಡಿಸಾಲ್ವ್ ಮಾಡಿದ್ರೆ ಬೆಳಕಿರೋ ಶಾಟ್ ಮೊದಲ ಕೆಲವು ಫ್ರೇಮ್‌ನಲ್ಲೇ ನುಗ್ಗಿಬಿಡುತ್ತೆ. ನೀವು ಹಾಕಿರೋದು 24 ಫ್ರೇಮ್ ಆದ್ರೂ ಕಣ್ಣಿಗೆ ಅದರ ಅರ್ಧದ ಹಾಗೆ ಅನ್ಸುತ್ತೆ. ಇಂಥ ಕಡೆ ಉದ್ದ ಬೇಕು, ಎರಡು ಸೆಕೆಂಡ್‌ವರೆಗೂ ಹೋಗಬಹುದು. ಆ ಕಾಲದಲ್ಲಿ ಅಳತೆಗಳು ಒಂಥರಾ ಕಟ್ಟಿಟ್ಟ ಹಾಗೆ ಇರ್ತಿದ್ವು, 16, 24, 32, 48 ಅಂತ, ನಿಮಗೆ ಆ ಕಟ್ಟು ಇಲ್ಲ, 41 ಬೇಕಾದ್ರೂ ಹಾಕಿ.

ತಿಪಟೂರ್_ಟೈಮ್‌ಲೈನ್

ಅಜ್ಜಿ ಎಡಕ್ಕೆ ಇರೋ ಟೇಕ್ ಇಲ್ಲ ಸರ್. ಫ್ಲಿಪ್ ಮಾಡ್ಲಾ?

ಹಳೇ ಮೂವಿಯೋಲಾ

ಹಿಂದೆ ಬೋರ್ಡ್ ಇದೆಯಲ್ಲ, ಅಕ್ಷರ ಉಲ್ಟಾ ಆಗುತ್ತೆ. ಸೆರಗೂ ಬಲ ಭುಜಕ್ಕೆ ಹೋಗುತ್ತೆ, ನಮ್ಮೂರಿನ ಹೆಂಗಸರು ಯಾರಾದ್ರೂ ಸರಿ ಒಂದೇ ಸಲಕ್ಕೆ ಹಿಡಿದುಹಾಕ್ತಾರೆ. ಮುಖದಿಂದ ಮುಖಕ್ಕೆ ಹೋಗೋದೇ ಬೇಡ. ತಾತ ಸೀರೆ ಸವರೋ ಕೈಯ ಕ್ಲೋಸ್ ಅಪ್ ಇದೆ ನಿಮ್ಮ ಹತ್ರ, ಆ ಶಾಟ್‌ನಲ್ಲಿ ಬಲಗಡೆ ಅರ್ಧ ಬರೀ ಸೀರೆ ಬಣ್ಣ. ಅಲ್ಲಿಂದ ಡಿಸಾಲ್ವ್ ಶುರು ಮಾಡಿ, ಅಜ್ಜಿ ಮುಖ ಆ ಸೀರೆ ಬಣ್ಣದ ಒಳಗೆ ಮೂಡ್ತದೆ, ಮಧ್ಯದ ಫ್ರೇಮ್ ನೋಡಿ ಹೇಗಿರುತ್ತೆ ಅಂತ.

ಕಟ್ ಕಿರಣ್

ಆದ್ರೆ ಸರ್ ನೆನಪು ಅಂದ ತಕ್ಷಣ ಡಿಸಾಲ್ವ್ ಅಂದ್ರೆ ಸೀರಿಯಲ್ ಆಯ್ತಲ್ಲ. ನೆನಪು ನಮಗೆ ನಿಜವಾಗ್ಲೂ ಹಾಗೆ ಕರಗಿ ಬರುತ್ತಾ? ಪಟ್ ಅಂತ ಬರುತ್ತೆ. ಸೀರೆ ಮುಟ್ಟಿದ, ಪಟ್, ಅಜ್ಜಿ ಅಲ್ಲಿ ಕೂತಿದಾಳೆ. ಅವರು ಪಕ್ಕದ್ಮನೆಯವರ ತರ ಕಾಣ್ತಾರೆ ಅನ್ನೋದು ಟ್ರಾನ್ಸಿಷನ್ ತಪ್ಪಲ್ಲ, ಅವಳು ಉಟ್ಟಿರೋ ಸೀರೆ ತಾತನ ಕೈಲಿರೋ ಸೀರೇನೇ ಅಂತ ಮೊದಲನೇ ಶಾಟ್‌ನಲ್ಲಿ ಕಾಣ್ತಿಲ್ಲ. ಕ್ಲೋಸ್ ಅಪ್ ಮುಖದಿಂದ ಶುರು ಮಾಡಿದಾನೆ. ಸೀರೆ ಕೈಲಿ, ಕಟ್, ಅದೇ ಸೀರೆ ಅಜ್ಜಿ ಮೈಮೇಲೆ, ಆಮೇಲೆ ಮುಖ. ಡಿಸಾಲ್ವ್ ಬೇಕೇ ಇಲ್ಲ.

ಹಳೇ ಮೂವಿಯೋಲಾ

ಇದು ಒಳ್ಳೇ ಮಾತು ಕಿರಣ್. ಆ ವೈಡ್ ಶಾಟ್ ಇದ್ರೆ ನಾನೂ ಮೊದಲು ಅದನ್ನೇ ಟ್ರೈ ಮಾಡ್ತೀನಿ.

ತಿಪಟೂರ್_ಟೈಮ್‌ಲೈನ್

ವೈಡ್ ಇದೆ! ಅವಳು ಅದೇ ಸೀರೆ ಸೆರಗಿಗೆ ಪಿನ್ ಹಾಕ್ಕೊಳ್ತಾ ಇರೋದು. ನೋಡ್ತೀನಿ.

ಮೂರನೇದು, ರಾತ್ರಿ ಹೊಲಿಯೋದು?

ಕಟ್ ಕಿರಣ್

ಜಂಪ್ ಕಟ್. ಐದೂ ಒಂದೇ ಆಂಗಲ್‌ನಲ್ಲಿದೆ, ಕ್ಯಾಮೆರಾ ಅಲ್ಲಾಡಿಲ್ಲ, ಹೇಳಿ ಮಾಡಿಸ್ದಂಗಿದೆ. ತಾತ ಇಲ್ಲಿ, ತಾತ ಅಲ್ಲಿ, ಟೀ ಲೋಟ ಖಾಲಿ, ಚೂಡಿದಾರ್ ಉದ್ದ ಆಗಿದೆ.

ಹಳೇ ಮೂವಿಯೋಲಾ

ಮಾಡಬಹುದು. ಆದ್ರೆ ಜಂಪ್ ಕಟ್‌ನಲ್ಲಿ ತಾತ ಚುರುಕಾಗಿ ಕಾಣ್ತಾನೆ, ಕೆಲಸ ಬೇಗ ಬೇಗ ಆಗ್ತಿದೆ ಅನ್ನೋ ಹಾಗೆ. ಇವರ ಕಥೇಲಿ ಬೇಕಾಗಿರೋದು ಆ ರಾತ್ರಿ ಮುಗೀತಾನೇ ಇಲ್ಲ, ಮುದುಕನಿಗೆ ಸುಸ್ತು, ಆದ್ರೂ ಏಳ್ತಿಲ್ಲ ಅನ್ನೋದು. ಅದಕ್ಕೆ ಡಿಸಾಲ್ವ್ ಸರಿ. ಈ ಫಿಲ್ಮ್‌ನಲ್ಲಿ ನಾನು ಡಿಸಾಲ್ವ್‌ಗೆ ಜಾಗ ಕೊಡೋದಾದ್ರೆ ಇದೊಂದೇ ಕಡೆ, ಬೇರೆ ಕಡೆ ಎಲ್ಲಾ ತೆಗೆದುಬಿಟ್ರೆ ಇಲ್ಲಿ ಬಂದಾಗ ಅದಕ್ಕೆ ಬೆಲೆ ಇರುತ್ತೆ. ಈಗ ಎಲ್ಲಾ ಕಡೆ ಇರೋದ್ರಿಂದ ಈ ರಾತ್ರಿನೂ ಇನ್ನೊಂದು ಸೀನ್ ಬದಲಾವಣೆ ಅಷ್ಟೇ ಅನ್ನಿಸ್ತಿದೆ, ಫ್ರೆಂಡ್ಸ್ ಸ್ಲೈಡ್ ಶೋ ಅಂದಿದ್ದು ಅದಕ್ಕೇ.

ಆದ್ರೆ ಈಗಿರೋ ಹಾಗೆ ಅಲ್ಲ. ಐದೂ ಒಂದೇ ಫ್ರೇಮಿಂಗ್ ಆದ್ದರಿಂದ ಗೋಡೆ, ಮಶೀನ್, ಬಲ್ಬ್ ಏನೂ ಅಲ್ಲಾಡಲ್ಲ, ತಾತ ಒಬ್ಬನೇ ದೆವ್ವದ ತರ ಇಲ್ಲಿ ಮಾಯವಾಗಿ ಅಲ್ಲಿ ಮೂಡ್ತಾನೆ. ಅದು ಬೇಕು ಅಂದ್ರೆ ಸರಿ, ಬೇಡ ಅಂದ್ರೆ ಸೈಜ್ ಬದಲಾಯಿಸಿ. ವೈಡ್, ಆಮೇಲೆ ಸೂಜಿ ಹತ್ರದ ಕ್ಲೋಸ್, ಆಮೇಲೆ ವೈಡ್, ಆಮೇಲೆ ಪೆಡಲ್ ಮೇಲಿನ ಕಾಲು. ಒಂದೊಂದು ಡಿಸಾಲ್ವ್ 40 ಫ್ರೇಮ್ ಸುಮಾರಿಗೆ ತಗೊಂಡು ಹೋಗಿ, ಆದ್ರೆ ಒಂದು ಮುಗಿದು ಇನ್ನೊಂದು ಶುರುವಾಗೋ ತನಕ ಶಾಟ್ ಒಂದೆರಡು ಸೆಕೆಂಡಾದ್ರೂ ಶುದ್ಧವಾಗಿ ಕಾಣ್ಬೇಕು. ನಿಮ್ಮದ್ರಲ್ಲಿ ಮೂರನೇ ಶಾಟ್ ಬಂದು ನಿಲ್ಲೋಕೆ ಮುಂಚೇನೇ ಹೋಗ್ತಿದೆ, ಸೂಜಿಗೆ ದಾರ ಪೋಣಿಸೋದು ಅದು, ಪಾಪ, ಮುದುಕನ ಕೈ ನಡುಗೋದು ಕಾಣೋದೇ ಇಲ್ಲ.

ಶಬ್ದಮಣಿ

ಇಲ್ಲಿ ಸೌಂಡ್ ಮಾತ್ರ ಶಾಟ್ ಶಾಟ್‌ಗೂ ಕ್ರಾಸ್‌ಫೇಡ್ ಮಾಡ್ಬೇಡಿ. ಮಶೀನ್ ಶಬ್ದ ಏರೋದು ಇಳಿಯೋದು ಉಸಿರಾಟ ತರ ಆಗ್ಬಿಡುತ್ತೆ. ಒಂದೇ ಟೇಕ್‌ನ ಮಶೀನ್ ಶಬ್ದ ಉದ್ದಕ್ಕೆ ಹಾಕಿ, ಪಿಕ್ಚರ್ ಮೇಲೆ ಕರಗ್ತಾ ಇರಲಿ, ಶಬ್ದ ಕೆಳಗೆ ಒಂದೇ ಸಮ ಓಡ್ತಾ ಇರಲಿ. ಆಗ ಐದು ಶಾಟ್ ಒಂದೇ ರಾತ್ರಿ ಅಂತ ಕಿವಿ ಹೇಳುತ್ತೆ.

ಕಟ್ ಕಿರಣ್

ನಾನಿನ್ನೂ ಜಂಪ್ ಕಟ್ಟೇ ಅಂತೀನಿ. ಸೌಂಡ್ ಒಂದೇ ಸಮ ಇದ್ರೆ ಜಂಪ್ ಕಟ್‌ನಲ್ಲೂ ರಾತ್ರಿ ಉದ್ದ ಅನ್ಸುತ್ತೆ, ಒಂದೊಂದು ಶಾಟ್ ಐದಾರು ಸೆಕೆಂಡ್ ಹೋಲ್ಡ್ ಮಾಡಿದ್ರೆ ಚುರುಕಾಗಿ ಯಾಕೆ ಕಾಣ್ತಾನೆ.

ಹಳೇ ಮೂವಿಯೋಲಾ

ಐದಾರು ಸೆಕೆಂಡ್ ಹೋಲ್ಡ್ ಮಾಡೋ ಧೈರ್ಯ ಇದ್ರೆ ನಿಮ್ಮ ಮಾತೂ ನಡೆಯುತ್ತೆ. ಅವರು ಎರಡೂ ಹಾಕಿ ನೋಡ್ಲಿ.

ಷಟರ್ ಬಗ್ಗೆ. ನೀವು ಫೇಡ್ ಔಟ್ ಶುರು ಮಾಡಿರೋದು ಷಟರ್ ಅರ್ಧಕ್ಕೆ ಬಂದಾಗ, 48 ಫ್ರೇಮ್. ಕ್ಯಾಮೆರಾ ಅಂಗಡಿ ಒಳಗಿದೆ, ಷಟರ್ ಇಳೀತಾ ಇದ್ದಂಗೆ ಬೀದಿ ಬೆಳಕು ತಾನಾಗೇ ಮೇಲಿಂದ ಮುಚ್ಚಿಕೊಂಡು ಬರ್ತಿದೆ, ಕೊನೇಲಿ ನೆಲದ ಹತ್ರ ಒಂದು ಗೆರೆ ಉಳಿದು ಅದೂ ಹೋಗುತ್ತೆ. ಅಂದ್ರೆ ನಿಮ್ಮ ಕ್ಯಾಮೆರಾ ಮುಂದೇನೇ ಒಂದು ಫೇಡ್ ಔಟ್ ಆಗ್ತಿದೆ! ಅದರ ಮೇಲೆ ಇನ್ನೊಂದು ಹಾಕಿ ಆ ಕೊನೇ ಗೆರೆನ ನುಂಗಿ ಹಾಕಿದೀರಿ. ತೆಗೀರಿ. ಷಟರ್ ನೆಲ ಮುಟ್ಟಲಿ, ಆಮೇಲೆ ನೇರ ಕಪ್ಪು.

ಶಬ್ದಮಣಿ

ಧಡ್ ಅಂತ ಆ ಶಬ್ದ ಕಪ್ಪಿನ ಒಳಗೆ ಗುಂಯ್ ಅಂತ ಉಳೀಬೇಕು. ಬೀಗ ಹಾಕೋ ಶಬ್ದ ಇದ್ರೆ ಅದೂ ಕಪ್ಪಲ್ಲೇ.

ತಿಪಟೂರ್_ಟೈಮ್‌ಲೈನ್

ಕಪ್ಪು ಎಷ್ಟು ಹೊತ್ತು ಇಡ್ಲಿ? ಆರು ತಿಂಗಳು ಆಗಿದೆ ಅನ್ನೋದು ಬರ್ಬೇಕಲ್ಲ.

ಹಳೇ ಮೂವಿಯೋಲಾ

ಬೀಗದ ಶಬ್ದ ಮುಗಿದು ಇನ್ನೊಂದು ಒಂದು ಸೆಕೆಂಡ್. ಥಿಯೇಟರ್ ಆದ್ರೆ ಮೂರು ನಾಲ್ಕು ಸೆಕೆಂಡ್ ಕಪ್ಪು ಇಟ್ರೂ ಜನ ಕೂತಿರ್ತಾರೆ. ಫೋನಲ್ಲಿ ಎರಡು ಸೆಕೆಂಡ್ ನಿಶ್ಶಬ್ದ ಕಪ್ಪು ಅಂದ್ರೆ ಮುಗೀತು ಅಂತ ಮುಂದಿನ ವಿಡಿಯೋಗೆ ಹೋಗ್ತಾರೆ, ಇಲ್ಲಾ ನೆಟ್ ಹೋಯ್ತು ಅಂತ ಸ್ಕ್ರೀನ್ ತಟ್ತಾರೆ. ಶಬ್ದ ಇದ್ರೆ ತಡೀತಾರೆ. ಆರು ತಿಂಗಳು ಅನ್ನೋದು ಕಪ್ಪಿಂದ ಬರಲ್ಲ, ರೀಚಾರ್ಜ್ ಬೋರ್ಡ್‌ನಿಂದ ಬರುತ್ತೆ.

ಸುಮ್ನೆ_ನೋಡೋಳು

ನಾನು ಮೊಬೈಲಲ್ಲೇ ನೋಡಿದ್ದು. ಆ ಕಪ್ಪಾಗೋ ಜಾಗದಲ್ಲಿ ಗೋಡೆ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಪ್ಪು ಪಟ್ಟಿ ಬಂದ್ವು, ಚೌಕ ಚೌಕ ಕೂಡ. ಅದು ನನ್ ಫೋನ್ ಪ್ರಾಬ್ಲಮ್ಮಾ?

ಹಳೇ ಮೂವಿಯೋಲಾ

ಅದು ಫೋನ್ ಅಲ್ಲ. 8 ಬಿಟ್ ಫೈಲ್‌ನಲ್ಲಿ ಕತ್ತಲೆ ಗೋಡೆಗೆ ಇರೋ ಬಣ್ಣದ ಮೆಟ್ಟಿಲುಗಳೇ ಕಮ್ಮಿ, ನಿಧಾನ ಫೇಡ್ ಮಾಡಿದ್ರೆ ಆ ಒಂದೊಂದು ಮೆಟ್ಟಿಲೂ ಕಾಣುತ್ತೆ. ಚೌಕ ಬರೋದು ಕಂಪ್ರೆಷನ್‌ನಿಂದ, ಫೇಡ್ ಡಿಸಾಲ್ವ್ ಎರಡರಲ್ಲೂ ಫ್ರೇಮಿನ ಪ್ರತಿ ಚುಕ್ಕೆ ಪ್ರತಿ ಫ್ರೇಮ್‌ಗೂ ಬದಲಾಗ್ತಿರುತ್ತೆ, ಬಿಟ್‌ರೇಟ್ ಸಾಲಲ್ಲ. ಸಣ್ಣಗೆ ಗ್ರೇನ್ ಹಾಕಿದ್ರೆ ಪಟ್ಟಿ ಒಡೆದು ಹೋಗುತ್ತೆ, ಆದ್ರೆ ಗ್ರೇನ್‌ಗೂ ಬಿಟ್‌ರೇಟ್ ಬೇಕು, ಹಾಗಾಗಿ ಎಕ್ಸ್‌ಪೋರ್ಟ್ ಮಾಡುವಾಗ ಅದನ್ನೂ ಏರಿಸಿ. ಅಪ್‌ಲೋಡ್ ಆದ್ಮೇಲೆ ಒಂದ್ಸಲ ಫೋನಲ್ಲೇ ನೋಡಿ. ಇವರ ಕೇಸಲ್ಲಿ ಫೇಡೇ ಹೋಗ್ತಿರೋದ್ರಿಂದ ಆ ತಲೆನೋವು ಇಲ್ಲ.

ತಿಪಟೂರ್_ಟೈಮ್‌ಲೈನ್

ಎರಡು ದಿನ ಕೂತು ಎಲ್ಲಾ ಮಾಡ್ದೆ, ಹೊಸ ಲಿಂಕ್ ಮೇಲೆ ಹಾಕಿದೀನಿ. ಮಶೀನ್ ಚಕ್ರ ನಿಂತು 18 ಫ್ರೇಮ್, ಕಟ್, ಜಿಪ್ಪು ಪಿಕ್ಚರ್ ಜೊತೆಗೇ (ಶಬ್ದಮಣಿ ಅಕ್ಕ ಸಾರಿ, ನಿಮ್ದೂ ಟ್ರೈ ಮಾಡ್ದೆ, 18 ಫ್ರೇಮ್‌ನಲ್ಲಿ 10 ಜಿಪ್ಪಿಗೆ ಹೋದ್ರೆ ನಿಶ್ಶಬ್ದನೇ ಉಳಿಯಲ್ಲ). ಅಜ್ಜಿಗೆ ಕಿರಣ್ ಹೇಳಿದ ಸೀರೆ ಕಟ್. ರಾತ್ರಿಗೆ ಮಾತ್ರ ಡಿಸಾಲ್ವ್, ಮೂರಕ್ಕೆ ಇಳಿಸಿದೀನಿ, ದಾರ ಪೋಣಿಸೋದನ್ನ ಎಂಟು ಸೆಕೆಂಡ್ ಬಿಟ್ಟಿದೀನಿ. ಷಟರ್ ನೇರ ಕಪ್ಪು.

ಈಗ ಒಂದು ಹೊಸ ಗೊಂದಲ. ಕಪ್ಪಿನಿಂದ ರೀಚಾರ್ಜ್ ಅಂಗಡಿಗೆ ಫೇಡ್ ಇನ್ ಇಡ್ಲಾ, ಕಟ್ ಇನ್ ಇಡ್ಲಾ? ಫೇಡ್ ಇನ್ ಇಟ್ರೆ ಮೆತ್ತಗೆ ಚೆನ್ನಾಗಿದೆ, ಕಟ್ ಇಟ್ರೆ ಆ ಟ್ಯೂಬ್‌ಲೈಟು, ಕೆಂಪು ಬೋರ್ಡು ಮುಖಕ್ಕೆ ಹೊಡೆದ ಹಾಗಿದೆ.

ಕಟ್ ಕಿರಣ್

ಮುಖಕ್ಕೆ ಹೊಡೀಲಿ! ಅದೇ ಬೇಕಾಗಿರೋದು.

ಶಬ್ದಮಣಿ

ನಂಗೆ ಫೇಡ್ ಇನ್. ಆದ್ರೆ ರೀಚಾರ್ಜ್ ಅಂಗಡಿ ರಿಂಗ್‌ಟೋನ್ ಮೊದ್ಲು ಕಪ್ಪಲ್ಲೇ ಬರ್ಲಿ.

ಹಳೇ ಮೂವಿಯೋಲಾ

ತಾತ ಈಗ ಎಲ್ಲಿದಾನೆ ಅಂತ ನೀವು ಎಲ್ಲೂ ಹೇಳಿಲ್ಲ. ಮೆತ್ತಗೆ ಫೇಡ್ ಇನ್ ಮಾಡಿದ್ರೆ ನೋಡೋರು ತಾತ ತೀರ್ಕೊಂಡ ಅಂದ್ಕೊಳ್ತಾರೆ, ನಾನು ಮೊದಲ ಸಲ ಹಾಗೇ ಅಂದ್ಕೊಂಡೆ. ಕಟ್ ಮಾಡಿದ್ರೆ ಅಂಗಡಿ ಹೋಯ್ತು ಅಷ್ಟೇ ಅನ್ನಿಸುತ್ತೆ. ನಿಮ್ಮ ಕಥೇಲಿ ಯಾವುದು?

ತಿಪಟೂರ್_ಟೈಮ್‌ಲೈನ್

ಸತ್ತಿಲ್ಲ ಸರ್! ಬೆಂಗಳೂರಲ್ಲಿ ಮೊಮ್ಮಗಳ ಜೊತೆ ಇದಾನೆ ಅಂತ ಸ್ಕ್ರಿಪ್ಟಲ್ಲಿತ್ತು, ಆ ಶಾಟ್ ತೆಗೆಯೋಕೆ ಆಗ್ಲಿಲ್ಲ.

ಹುಬ್ಳಿ ಮದ್ವಿ ವಿಡಿಯೋ

ನಾನೂ ಅಜ್ಜ ಹೋದ ಅಂತನ ತಿಳಕೊಂಡಿದ್ದೆ ನೋಡ್ರಿ. ನಮ್ಮ ಮನ್ಯಾಗ ತೋರ್ಸಿದ್ದೆ, ನಮ್ಮವ್ವ ಅತ್ತಿದ್ಲು.

ಸುಮ್ನೆ_ನೋಡೋಳು

ನಾನೂ 😭

ತಿಪಟೂರ್_ಟೈಮ್‌ಲೈನ್

ಹಂಗಾದ್ರೆ ಕಟ್ ಇಡ್ತೀನಿ, ಜೊತೆಗೆ ಮೊಮ್ಮಗಳು ಫೋನಲ್ಲಿ ತಾತನ ಜೊತೆ ಮಾತಾಡೋ ಒಂದು ಲೈನ್ ವಾಯ್ಸ್ ರೆಕಾರ್ಡ್ ಮಾಡಿಸಿ ಆ ಕಪ್ಪಿನ ಮೇಲೆ ಹಾಕಿ ನೋಡ್ತೀನಿ. ಭಾನುವಾರ ಅವಳು ಊರಿಗೆ ಬರ್ತಾಳಂತೆ.

ಶಬ್ದಮಣಿ

ರೆಕಾರ್ಡ್ ಮಾಡುವಾಗ ನಿಜವಾಗ್ಲೂ ಫೋನ್ ಕಾಲ್‌ನಲ್ಲೇ ಮಾತಾಡ್ಸಿ, ಆ ಕಡೆ ಸ್ಪೀಕರ್‌ಗೆ ಮೈಕ್ ಹಿಡೀರಿ. ಆಮೇಲೆ ಪ್ಲಗಿನ್‌ನಲ್ಲಿ ಫೋನ್ ತರ ಮಾಡೋದಕ್ಕಿಂತ ಚೆನ್ನಾಗಿರುತ್ತೆ.